ಹೊಸ ಬಳಕೆದಾರರಿಗೆ ಮೊದಲ ವಾರದ ಸಂದೇಶಗಳು: ಕಳಿಸುವ ಕ್ರಮ ಮತ್ತು ನಿಲ್ಲಿಸುವ ಹೊತ್ತು

ಸದಸ್ಯ ಬಾಂಧವರಲ್ಲಿ ಅನೇಕರು ಈಚೆಗೆ ಸಂಘದ ಆ್ಯಪನ್ನು ತಮ್ಮ ಫೋನಿನಲ್ಲಿ ಹಾಕಿಸಿಕೊಂಡಿದ್ದಾರೆ. ಹಾಕಿಸಿಕೊಂಡ ಮೊದಲ ವಾರದಲ್ಲಿ ಸಂಘದಿಂದ ಕೆಲವು ಸಂದೇಶಗಳು ಬರುವುದು ಎಲ್ಲರಿಗೂ ತಿಳಿದಿದೆ. ಆದರೆ ಒಬ್ಬರಿಗೆ ಒಂದೇ ಬಂದು ನಿಲ್ಲುತ್ತದೆ, ಮತ್ತೊಬ್ಬರಿಗೆ ಮೂರು ಬರುತ್ತವೆ, ಕೆಲವರಿಗೆ ತಿಂಗಳು ಕಳೆದ ಮೇಲೆ ಶುರುವಾಗುತ್ತದೆ. "ಪಕ್ಕದ ಮನೆಯವರಿಗೆ ಬಂದದ್ದು ನಮಗೇಕೆ ಬರಲಿಲ್ಲ?" ಎಂದು ಕೌಂಟರಿನಲ್ಲಿ ಕೇಳಿದವರಿದ್ದಾರೆ. "ಇದು ಇನ್ನೆಷ್ಟು ದಿನ?" ಎಂದು ಸ್ವಲ್ಪ ಖಾರವಾಗಿಯೇ ಕೇಳಿದವರೂ ಇದ್ದಾರೆ. ನೆರೆಯ ಒಂದೆರಡು ಸಂಘಗಳ ಕಾರ್ಯದರ್ಶಿಗಳು ತಮ್ಮಲ್ಲೂ ಇಂಥದನ್ನು ಮಾಡಬೇಕೆಂದು ವಿಚಾರಿಸುತ್ತಿದ್ದಾರೆ. ಆದ್ದರಿಂದ ಇದರ ಏರ್ಪಾಡು ಏನು, ಏಕೆ ಹೀಗೆ, ಎಲ್ಲಿಗೆ ನಿಲ್ಲಿಸುತ್ತೇವೆ ಎಂಬುದನ್ನು ಇಲ್ಲಿ ವಿವರವಾಗಿ ಬರೆಯುತ್ತಿದ್ದೇವೆ.

ಮೊದಲು ಒಂದು ಮಾತು. ಇದು ಬರಿಯ ಸೌಜನ್ಯದ ಪ್ರಶ್ನೆಯಲ್ಲ. ಬೇಡದ ಸಂದೇಶ ಪದೇಪದೇ ಬಂದರೆ ಮನುಷ್ಯ ಮಾಡುವ ಕೆಲಸ ಒಂದೇ: ಫೋನಿನ ಸೆಟ್ಟಿಂಗ್ಸಿಗೆ ಹೋಗಿ ಆ ಆ್ಯಪಿನ ಸೂಚನೆಗಳನ್ನು ಮುಚ್ಚಿಬಿಡುತ್ತಾನೆ. ಅದು ಎರಡು ಕ್ಷಣದ ಕೆಲಸ, ಮತ್ತೆ ತೆರೆಯುವವರು ಅಪರೂಪ. ಆಮೇಲೆ ಸುಗ್ಗಿಯಲ್ಲಿ ಟೆಂಡರಿನ ದಿನ ಬದಲಾಯಿತೆಂದು ಹಿಂದಿನ ರಾತ್ರಿ ನಾವು ತಿಳಿಸಿದರೂ ಅದು ಆತನಿಗೆ ಕಾಣುವುದಿಲ್ಲ. ಬೆಳಗಿನ ಜಾವ ಬಾಡಿಗೆ ಜೀಪಿಗೆ ಹನ್ನೆರಡು ಮೂಟೆ ರಾಶಿ ಇಡಿ ಹೇರಿಕೊಂಡು ಬಂದು ಮುಚ್ಚಿದ ಗೋದಾಮಿನ ಮುಂದೆ ನಿಲ್ಲುತ್ತಾನೆ. ಬಾಡಿಗೆಯೂ ದಂಡ, ದಿನವೂ ದಂಡ. ಮೊದಲ ವಾರದಲ್ಲಿ ನಾವು ಅತಿಯಾಗಿ ಮಾತಾಡಿದ್ದರ ಬೆಲೆಯನ್ನು ಆತ ಆರನೆಯ ತಿಂಗಳಲ್ಲಿ ತೆರಬೇಕಾಗುತ್ತದೆ.

ಈ ಅಪಾಯಕ್ಕೆ ಒಂದು ಸಣ್ಣ ಕಟ್ಟೆ ಕಟ್ಟಬಹುದು. 2017ರಲ್ಲಿ ಬಂದ ಆಂಡ್ರಾಯ್ಡಿನ 8ನೇ ಆವೃತ್ತಿಯಿಂದೀಚೆಗೆ ಒಂದೇ ಆ್ಯಪಿನ ಸೂಚನೆಗಳನ್ನು ಬೇರೆ ಬೇರೆ ವರ್ಗಗಳಾಗಿ ಇಡಲು ಬರುತ್ತದೆ, ಒಂದನ್ನು ಮುಚ್ಚಿ ಇನ್ನೊಂದನ್ನು ತೆರೆದಿಡಬಹುದು. ನಮ್ಮ ಆ್ಯಪಿನಲ್ಲಿ ಪರಿಚಯದ ಸಂದೇಶಗಳದ್ದು ಒಂದು ವರ್ಗ, ಹಣ ಜಮೆ ಮತ್ತು ಟೆಂಡರ್ ದಿನದ್ದು ಬೇರೆ ವರ್ಗ. ಬೇಸರ ಬಂದವರು ಮೊದಲಿನದನ್ನು ಮಾತ್ರ ಮುಚ್ಚಬಹುದು. ಆದರೆ ಕಿರಿಕಿರಿಯಾದವರು ವರ್ಗ ನೋಡಿ ಮುಚ್ಚುವಷ್ಟು ತಾಳ್ಮೆ ಇಟ್ಟುಕೊಳ್ಳುವುದಿಲ್ಲ, ಇಡೀ ಆ್ಯಪಿನ ಬಾಯನ್ನೇ ಮುಚ್ಚುತ್ತಾರೆ. ಹಾಗಾಗಿ ನಿಜವಾದ ಕಟ್ಟೆ ಎಂದರೆ ಕಡಿಮೆ ಕಳಿಸುವುದು, ಹೊತ್ತಿಗೆ ಸರಿಯಾಗಿ ನಿಲ್ಲಿಸುವುದು.

ಯಾವ ಕೆಲಸಕ್ಕಾಗಿ ಈ ಸಂದೇಶ?

ಸಂದೇಶದ ಸಾಲನ್ನು ಬರೆಯಲು ಕುಳಿತವರು ಸಾಮಾನ್ಯವಾಗಿ ಮಾಡುವುದು ಹೀಗೆ: ಆ್ಯಪಿನಲ್ಲಿ ಏಳು ಸೌಲಭ್ಯಗಳಿದ್ದರೆ ದಿನಕ್ಕೊಂದರಂತೆ ಏಳು ಸಂದೇಶ. ಸೋಮವಾರ ದರ, ಮಂಗಳವಾರ ಮಳೆ ಲೆಕ್ಕ, ಬುಧವಾರ ಗೊಬ್ಬರದ ಬೇಡಿಕೆ, ಹೀಗೆ ವಾರ ತುಂಬುತ್ತದೆ. ನೋಡಲು ಅಚ್ಚುಕಟ್ಟು, ಆದರೆ ಓದುವವನಿಗೆ ಏನೂ ಉಳಿಯುವುದಿಲ್ಲ. ಹೊಸದಾಗಿ ಆ್ಯಪ್ ಹಾಕಿಸಿಕೊಂಡವನಿಗೆ ಮೊದಲ ವಾರದಲ್ಲಿ ಒಂದೇ ಒಂದು ಕೆಲಸ ಆಗಬೇಕು, ಆ ಒಂದು ಕೆಲಸದಿಂದ "ಇದು ನನ್ನ ಉಪಯೋಗದ್ದು" ಎಂದು ಆತನಿಗೆ ಅನ್ನಿಸಬೇಕು. ಉಳಿದದ್ದನ್ನು ಆತನೇ ಹುಡುಕಿಕೊಳ್ಳುತ್ತಾನೆ, ಇಲ್ಲವೇ ಬೇಕಾದಾಗ ಕೇಳುತ್ತಾನೆ.

ಆ ಒಂದು ಕೆಲಸ ಯಾವುದೆಂದು ಆರಿಸುವುದೇ ಇಡೀ ಏರ್ಪಾಡಿನ ಬುಡ. ಆ್ಯಪನ್ನು ಇಳಿಸಿಕೊಳ್ಳುವುದು ಆ ಕೆಲಸವಲ್ಲ, ಅದನ್ನು ಮಗನೋ ಮೊಮ್ಮಗಳೋ ಮಾಡಿಕೊಟ್ಟಿರುತ್ತಾರೆ. ದಿನದ ದರ ನೋಡುವುದೂ ಅಲ್ಲ, ದರ ಪತ್ರಿಕೆಯಲ್ಲೂ ಸಿಗುತ್ತದೆ, ಬಸ್ ಸ್ಟ್ಯಾಂಡಿನಲ್ಲೂ ಸಿಗುತ್ತದೆ. ನಮ್ಮ ಸಂಘದ ಆ್ಯಪಿನಲ್ಲಿ ಬೇರೆಲ್ಲೂ ಸಿಗದ ವಸ್ತು ಒಂದೇ: ಸದಸ್ಯರ ಸ್ವಂತ ತೂಕದ ಚೀಟಿ. ಯಾವ ದಿನ ಎಷ್ಟು ಮೂಟೆ ಬಂತು, ಯಾವ ತರಗತಿ, ನಿವ್ವಳ ತೂಕವೆಷ್ಟು, ಕಾಫಿಯಾದರೆ ಪಾರ್ಚ್‌ಮೆಂಟೋ ಚೆರಿಯೋ, ಎಲ್ಲವೂ ಅದರಲ್ಲಿದೆ. ಸದಸ್ಯರು ತಮ್ಮ ಹತ್ತಿರವಿರುವ ಕಾಗದದ ಚೀಟಿಯನ್ನು ಪಕ್ಕದಲ್ಲಿಟ್ಟುಕೊಂಡು ಫೋನಿನಲ್ಲಿರುವುದನ್ನು ತೆರೆದು ಎರಡೂ ತಾಳೆಯಾಗುತ್ತವೆಂದು ಕಂಡರೆ ನಂಬಿಕೆ ಕೂರುತ್ತದೆ. ಅಲ್ಲಿಗೆ ಪರಿಚಯ ಮುಗಿಯಿತು. ನಮ್ಮ ಸಂದೇಶಗಳೆಲ್ಲ ಆ ಒಂದು ಘಳಿಗೆಗಾಗಿ. ಅದು ಆದ ಮರುಕ್ಷಣವೇ ಸಾಲು ನಿಲ್ಲುತ್ತದೆ, ಅದು ಎರಡನೆಯ ದಿನವಾದರೂ ಸರಿ. ಪಕ್ಕದ ಮನೆಯವರಿಗೆ ಬಂದದ್ದು ನಿಮಗೆ ಬಾರದಿರಲು ಇದೇ ಕಾರಣ: ನೀವು ಚೀಟಿ ನೋಡಿ ಮುಗಿಸಿದ್ದೀರಿ, ಅವರು ಇನ್ನೂ ನೋಡಿಲ್ಲ.

ಇಲ್ಲಿ ಒಂದು ತೊಡಕಿದೆ, ಪಟ್ಟಣದ ಆ್ಯಪ್‌ಗಳನ್ನು ಕಂಡು ನಕಲು ಮಾಡುವವರಿಗೆ ಇದು ಹೊಳೆಯುವುದಿಲ್ಲ. ಜೂನ್ ತಿಂಗಳಲ್ಲಿ ಆ್ಯಪ್ ಹಾಕಿಸಿಕೊಂಡ ಸದಸ್ಯರ ಹೆಸರಿನಲ್ಲಿ ಆ ವರ್ಷದ ಚೀಟಿಯೇ ಇಲ್ಲದಿರಬಹುದು. ಹೊಸದಾಗಿ ಷೇರು ಪಡೆದವರಾದರೆ ಹಿಂದಿನ ವರ್ಷದ್ದೂ ಇರುವುದಿಲ್ಲ. ಅವರಿಗೆ "ನಿಮ್ಮ ಚೀಟಿ ನೋಡಿ" ಎಂದು ಕಳಿಸಿದರೆ ಅವರು ತೆರೆದು ಖಾಲಿ ಪುಟ ನೋಡುತ್ತಾರೆ. ಖಾಲಿ ಪುಟ ತೋರಿಸಿದ ಆ್ಯಪನ್ನು ಎರಡನೆಯ ಸಲ ತೆರೆಯುವವರು ಕಡಿಮೆ. ಆದ್ದರಿಂದ ನಮ್ಮಲ್ಲಿ ಮೊದಲ ವಾರವೆನ್ನುವುದು ಆ್ಯಪ್ ಹಾಕಿಸಿಕೊಂಡ ದಿನದಿಂದ ಶುರುವಾಗುವುದಿಲ್ಲ, ನೋಡಲು ಏನಾದರೂ ಇರುವ ದಿನದಿಂದ ಶುರುವಾಗುತ್ತದೆ. ಹಿಂದಿನ ಸಾಲಿನ ಚೀಟಿ ಇದ್ದವರಿಗೆ ಕೂಡಲೇ. ಏನೂ ಇಲ್ಲದವರಿಗೆ ಮೊದಲ ಮೂಟೆ ನಮ್ಮ ಕಾಟಾದ ಮೇಲೆ ಕೂತ ದಿನದಿಂದ. ಜೂನಿನಲ್ಲಿ ಹಾಕಿಸಿಕೊಂಡವರಿಗೆ ಡಿಸೆಂಬರಿನಲ್ಲಿ ಸಂದೇಶ ಬಂದರೆ ಯಂತ್ರ ಕೆಟ್ಟಿದೆಯೆಂದು ತಿಳಿಯಬೇಡಿ.

ಸಂದೇಶಗಳ ಕ್ರಮ

ಒಟ್ಟು ಐದಕ್ಕಿಂತ ಹೆಚ್ಚಿಲ್ಲ, ಬಹಳ ಮಂದಿಗೆ ಎರಡರಲ್ಲೇ ಮುಗಿಯಬೇಕು.

ಮೊದಲನೆಯದು ಆ್ಯಪಿನ ಒಳಗೇ ಕಾಣಿಸುವ ಎರಡು ಸಾಲು. ಸದಸ್ಯರು ಆಗ ಪರದೆಯನ್ನೇ ನೋಡುತ್ತಿರುತ್ತಾರೆ, ಅದೇ ಹೊತ್ತಿಗೆ ಬೇರೊಂದು ಎಸ್ಸೆಮ್ಮೆಸ್ಸಿನಲ್ಲಿ "ಸುಸ್ವಾಗತ" ಎಂದು ಗಂಟೆ ಬಾರಿಸುವುದು ಎದುರಿಗೆ ಕುಳಿತವರಿಗೆ ಕಾಗದ ಬರೆದಂತೆ. ಆ ಎರಡು ಸಾಲಿನಲ್ಲಿ ಮೂರು ವಿಷಯ: ಒಂದು ವಾರದಲ್ಲಿ ಕೆಲವೇ ಸಂದೇಶ ಬರುತ್ತವೆ, ಪ್ರಶ್ನೆಯಿದ್ದರೆ ಕೌಂಟರಿನ ಗುಮಾಸ್ತರು ಉತ್ತರಿಸುತ್ತಾರೆ, ಬೇಡವಾದರೆ ಈ ಗುಂಡಿ ಒತ್ತಿ. ಬೇಡವೆನ್ನುವ ದಾರಿಯನ್ನು ಕೊನೆಯ ಸಂದೇಶದ ಅಡಿಯಲ್ಲಿ ಸಣ್ಣಕ್ಷರದಲ್ಲಿ ಅವಿತಿಡದೆ ಮೊದಲೇ ಹೇಳಬೇಕೆಂಬುದು ನಮ್ಮ ಆಡಳಿತ ಮಂಡಳಿಯ ಅಭಿಪ್ರಾಯ.

ಎರಡನೆಯದು ಮರುದಿನ ಸಂಜೆ 7 ಗಂಟೆಗೆ. ಬೆಳಗಿನ ಹೊತ್ತು ಆಳುಗಳನ್ನು ಕೆಲಸಕ್ಕೆ ಹಚ್ಚುವ ಹೊತ್ತು, ನಾಲ್ಕು ಐದರ ನಡುವೆ ಹಣ್ಣು ತೂಗುವ ಹೊತ್ತು. ಏಳಕ್ಕೆ ಕೈ ತೊಳೆದು ಜಗಲಿಯಲ್ಲಿ ಕೂತಿರುತ್ತಾರೆ. ಅಡಿಕೆ ಸುಲಿತ ರಾತ್ರಿಯವರೆಗೆ ನಡೆಯುವ ಮನೆಗಳಲ್ಲೂ ಆ ಹೊತ್ತಿಗೆ ಒಂದು ಚಹಾ ಆಗುತ್ತದೆ. ಸಂದೇಶದಲ್ಲಿ ಉಪದೇಶವಿಲ್ಲ, ಅವರದೇ ಸಂಗತಿ ಇರುತ್ತದೆ: ಇಂಥ ತಾರೀಖಿನ ನಿಮ್ಮ ತೂಕದ ಚೀಟಿ ಇಲ್ಲಿದೆ, ಒತ್ತಿ ನೋಡಿ. ಒತ್ತಿದರೆ ನೇರವಾಗಿ ಆ ಚೀಟಿಯೇ ತೆರೆಯಬೇಕು, ಆ್ಯಪಿನ ಮುಖಪುಟವಲ್ಲ. ಮುಖಪುಟ ತೆರೆದು "ಈಗ ಮೇಲಿನ ಮೂರು ಗೆರೆ ಒತ್ತಿ, ಆಮೇಲೆ ಖಾತೆ ಒತ್ತಿ" ಎನ್ನುವಷ್ಟರಲ್ಲಿ ಅರ್ಧ ಜನ ಫೋನು ಕೆಳಗಿಟ್ಟಿರುತ್ತಾರೆ.

ಸೂಚನೆ ಕಳಿಸಲು ಅನುಮತಿ ಕೇಳುವ ವಿಷಯವೂ ಇಲ್ಲೇ ಬರುತ್ತದೆ. 2022ರಲ್ಲಿ ಬಂದ ಆಂಡ್ರಾಯ್ಡ್ 13ರಿಂದ ಹೊಸ ಆ್ಯಪು ಸೂಚನೆ ಕಳಿಸಬೇಕಾದರೆ ಫೋನಿನ ಒಡೆಯರನ್ನು ಕೇಳಲೇಬೇಕು. ಅವರು ಎರಡು ಸಲ ಬೇಡವೆಂದರೆ ಆ ಪ್ರಶ್ನೆಯನ್ನು ಮತ್ತೆ ತೋರಿಸಲು ಬರುವುದಿಲ್ಲ. ಆದ್ದರಿಂದ ಆ್ಯಪು ತೆರೆದ ಕೂಡಲೇ, ಏನೆಂದು ತಿಳಿಯುವ ಮುನ್ನವೇ ಕೇಳುವುದು ಒಂದು ಅವಕಾಶವನ್ನು ನೀರಿಗೆ ಹಾಕಿದಂತೆ. ಮೊದಲು "ನಿಮ್ಮ ಚೀಟಿ ಮತ್ತು ಹಣ ಜಮೆಯ ಸುದ್ದಿ ತಿಳಿಸಲು ಈ ಅನುಮತಿ ಬೇಕು" ಎಂದು ನಮ್ಮ ಮಾತಿನಲ್ಲಿ ಹೇಳಿ, ಸದಸ್ಯರು ಆಗಲಿ ಎಂದ ಮೇಲಷ್ಟೆ ಫೋನಿನ ಪ್ರಶ್ನೆಯನ್ನು ತೋರಿಸಬೇಕು. ಈಗ ಬೇಡವೆಂದವರನ್ನು ಆಗಲೇ ಒತ್ತಾಯಿಸಬಾರದು. ಅವರ ಪಾಲಿನ ಸಂದೇಶಗಳು ಆ್ಯಪಿನೊಳಗೇ ಕಾಯುತ್ತಿರುತ್ತವೆ. ಚೀಟಿ ನೋಡಿದ ಮೇಲೆ ಇನ್ನೊಮ್ಮೆ ಕೇಳಬಹುದು, ಆಗ ಒಪ್ಪುವ ಸಂಭವ ಹೆಚ್ಚು.

ಚೀಟಿ ನೋಡದವರಿಗೆ ನಾಲ್ಕನೆಯ ದಿನ ಮೂರನೆಯ ಸಂದೇಶ. ಇದು ಎರಡನೆಯದರ ಪುನರುಕ್ತಿಯಾಗಕೂಡದು. ನೋಡಲಿಲ್ಲವೆಂದ ಮೇಲೆ ಏನೋ ಅಡ್ಡಿಯಿದೆ, ಆ ಅಡ್ಡಿಯನ್ನು ಕೇಳಬೇಕು. ಚೀಟಿ ತೆರೆಯಲಿಲ್ಲವೇ, ಲೆಕ್ಕ ತಾಳೆಯಾಗಲಿಲ್ಲವೇ, ಈ ಫೋನು ಬೇರೆಯವರದೇ ಎಂದು ಮೂರು ಗುಂಡಿಗಳು. ಯಾವುದನ್ನು ಒತ್ತಿದರೂ ಯಂತ್ರ ಸುಮ್ಮನಾಗುತ್ತದೆ, ಮರುದಿನ ಗುಮಾಸ್ತರು ಫೋನು ಮಾಡುತ್ತಾರೆ. ನಮ್ಮ ಅನುಭವದಲ್ಲಿ ಇಡೀ ಸಾಲಿನಲ್ಲಿ ಹೆಚ್ಚು ಫಲ ಕೊಡುವುದು ಇದೇ. ಉದಾಹರಣೆಗೆ ಕೂಡು ಕುಟುಂಬದ ಖಾತೆ ದೊಡ್ಡಣ್ಣನ ಹೆಸರಿನಲ್ಲಿರುತ್ತದೆ, ಆ್ಯಪು ತಮ್ಮನ ನಂಬರಿಗೆ ಜೋಡಣೆಯಾಗಿರುತ್ತದೆ. ತಮ್ಮ ಎಷ್ಟು ಸಲ ತೆರೆದರೂ ಚೀಟಿ ಕಾಣುವುದಿಲ್ಲ. ಅವರಿಗೆ ಇನ್ನೂ ಹತ್ತು ಸಂದೇಶ ಕಳಿಸಿದರೂ ಪ್ರಯೋಜನವಿಲ್ಲ. ಕೌಂಟರಿಗೆ ಬಂದು ದೊಡ್ಡಣ್ಣನ ಒಪ್ಪಿಗೆಯ ಸಹಿ ಕೊಟ್ಟರೆ ಐದು ನಿಮಿಷದಲ್ಲಿ ಸರಿಹೋಗುತ್ತದೆ.

ಸೂಚನೆ ತಲುಪದೇ ಇದ್ದವರಿಗೆ ಐದನೆಯ ದಿನ ಒಂದೇ ಒಂದು ಎಸ್ಸೆಮ್ಮೆಸ್. ಇಂಟರ್ನೆಟ್ಟಿನ ಸಿಗ್ನಲ್ ಬಾರದ ಕಡೆಯೂ ಎಸ್ಸೆಮ್ಮೆಸ್ ಎಷ್ಟೋ ಸಲ ನುಸುಳುತ್ತದೆ. ಆದರೆ ಅದರಲ್ಲಿ ಬಾಯಿಗೆ ಬಂದದ್ದನ್ನು ಬರೆಯುವಂತಿಲ್ಲ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ 2018ರ ನಿಯಮಗಳಂತೆ ಕಳಿಸುವ ಸಂಸ್ಥೆಯನ್ನೂ, ಕಳಿಸುವ ಹೆಸರನ್ನೂ, ಸಂದೇಶದ ಮಾದರಿಯನ್ನೂ ಮೊದಲೇ ನೋಂದಾಯಿಸಿರಬೇಕು. ತಾರೀಖು, ಮೊತ್ತದಂಥ ತೆರಪುಗಳನ್ನು ಮಾತ್ರ ತುಂಬಬಹುದು, ಉಳಿದ ಪದ ಬದಲಾದರೆ ಸಂದೇಶ ದಾರಿಯಲ್ಲೇ ತಡೆಯಲ್ಪಡುತ್ತದೆ. ಇನ್ನು ಕನ್ನಡದಲ್ಲಿ ಒಂದು ಎಸ್ಸೆಮ್ಮೆಸ್ಸಿಗೆ 70 ಸಂಕೇತಗಳಷ್ಟೇ ಹಿಡಿಸುತ್ತವೆ, ಇಂಗ್ಲಿಷಿಗೆ 160. ಸಂಕೇತವೆಂದರೆ ಅಕ್ಷರವಲ್ಲ, ಗುಣಿತದ ಚಿಹ್ನೆಗಳೂ ಬೇರೆ ಬೇರೆಯಾಗಿ ಎಣಿಕೆಗೆ ಬರುತ್ತವೆ. "ಅಡಿಕೆ" ನಮಗೆ ಮೂರಕ್ಷರ, ಯಂತ್ರಕ್ಕೆ ಐದು. ಎಪ್ಪತ್ತು ದಾಟಿದರೆ ಎರಡು ಸಂದೇಶದ ದುಡ್ಡು. ಹೀಗಾಗಿ "ಮಾನ್ಯ ಸದಸ್ಯರೇ, ತಮಗೆ ಆದರದ ಸ್ವಾಗತ" ಎನ್ನುವುದರಲ್ಲೇ ಅರ್ಧ ಜಾಗ ಹೋಗಿಬಿಡುತ್ತದೆ. ನಾವು ಸ್ವಾಗತವನ್ನು ಕೈಬಿಟ್ಟು ಚೀಟಿಯ ತಾರೀಖನ್ನು ಉಳಿಸಿಕೊಂಡಿದ್ದೇವೆ. ಒರಟೆಂದು ಯಾರೂ ತಿಳಿಯಬಾರದು.

ಏಳನೆಯ ದಿನದ್ದು ಕೊನೆಯದು, ಅದೂ ಚೀಟಿ ನೋಡದೆ ಉಳಿದವರಿಗೆ ಮಾತ್ರ: ಪರಿಚಯದ ಸಂದೇಶಗಳು ಇಲ್ಲಿಗೆ ಮುಗಿದವು, ಇನ್ನು ಹಣ ಮತ್ತು ಟೆಂಡರ್ ದಿನದ ಸುದ್ದಿ ಮಾತ್ರ ಬರುತ್ತದೆ, ಕಾಗದದ ಚೀಟಿ ಎಂದಿನಂತೆ ಸಿಗುತ್ತದೆ. ಕಡೆಯ ಮಾತನ್ನು ಬೇಕೆಂದೇ ಸೇರಿಸಿದ್ದೇವೆ. ಫೋನಿನಲ್ಲಿ ನೋಡದಿದ್ದರೆ ಚೀಟಿಯೇ ಇಲ್ಲವಾದೀತೆಂಬ ಭಯ ಹಿರಿಯ ಸದಸ್ಯರಲ್ಲಿ ಕೆಲವರಿಗಿದೆ.

ಒಬ್ಬ ಸದಸ್ಯರ ವಾರ

ಇದೆಲ್ಲ ಹೇಗೆ ನಡೆಯುತ್ತದೆಂದು ತಿಳಿಯಲು ಒಬ್ಬ ಸದಸ್ಯರನ್ನು ಕಲ್ಪಿಸಿಕೊಳ್ಳೋಣ. ಮೂರು ಎಕರೆ ತೋಟ, ಘಟ್ಟದ ಬುಡದಲ್ಲಿ ಮನೆ, ಮನೆಯಲ್ಲಿ ಸಿಗ್ನಲ್ ಇಲ್ಲ. ಭಾನುವಾರ ಪೇಟೆಯಲ್ಲಿ ನೆಂಟರ ಮನೆಗೆ ಬಂದಾಗ ಅಕ್ಕನ ಮಗ ಆ್ಯಪ್ ಹಾಕಿಕೊಟ್ಟ, ಸೂಚನೆಗೂ ಅನುಮತಿ ಕೊಟ್ಟ. ಸೋಮವಾರದಿಂದ ಅವರು ಮನೆಯಲ್ಲಿ, ಫೋನು ಗೂಟಕ್ಕೆ ನೇತುಹಾಕಿದ ಚೀಲದಲ್ಲಿ. ಬುಧವಾರ ಬೆಳಿಗ್ಗೆ 11ಕ್ಕೆ ಊರಿನ ನಮ್ಮ ಶಾಖೆಗೆ ಬಂದರು. ಅಲ್ಲಿ ಮೊಬೈಲ್ ಸಿಗ್ನಲ್ ಇಲ್ಲದಿದ್ದರೂ ಕಚೇರಿಯ ಕಂಪ್ಯೂಟರಿಗೆ ತಂತಿಯ ಸಂಪರ್ಕವಿದೆ. ಗುಮಾಸ್ತರು ಅವರ ಚೀಟಿಯನ್ನು ತೆರೆದು ತೋರಿಸಿದರು, ಕಾಗದದೊಡನೆ ತಾಳೆ ನೋಡಿದರು, ಅವರಿಗೆ ಸಮಾಧಾನವಾಯಿತು. ಗುರುವಾರ ಪೇಟೆಗೆ ಹೋದರು, ಫೋನಿಗೆ ಸಿಗ್ನಲ್ ಸಿಕ್ಕಿತು.

ಎಲ್ಲ ಸಂದೇಶಗಳನ್ನೂ ಭಾನುವಾರವೇ ದಿನಕ್ಕೊಂದರಂತೆ ಸರತಿಯಲ್ಲಿ ನಿಲ್ಲಿಸಿದ್ದರೆ ಏನಾಗುತ್ತಿತ್ತು? ಗೂಗಲಿನ ಸೂಚನೆ ರವಾನೆಯ ವ್ಯವಸ್ಥೆ, ನಾವು ಬೇರೆ ಹೇಳದಿದ್ದರೆ, ತಲುಪದ ಸಂದೇಶವನ್ನು ನಾಲ್ಕು ವಾರಗಳವರೆಗೆ ಕಾಯ್ದಿಡುತ್ತದೆ. ಸೋಮ, ಮಂಗಳ, ಬುಧವಾರಗಳ ಮೂರೂ ಸೂಚನೆಗಳು ಗುರುವಾರ ಪೇಟೆಯ ಮಧ್ಯದಲ್ಲಿ ಟಣ್ ಟಣ್ ಎಂದು ಒಟ್ಟಿಗೆ ಬೀಳುತ್ತಿದ್ದವು. ಅದರಲ್ಲಿ ಒಂದು "ನೀವಿನ್ನೂ ಚೀಟಿ ನೋಡಿಲ್ಲ" ಎನ್ನುತ್ತಿತ್ತು. ಹಿಂದಿನ ದಿನ ತಾನೇ ಶಾಖೆಯಲ್ಲಿ ಕೂತು ನೋಡಿ ಬಂದವರಿಗೆ ಇದನ್ನು ಓದಿದರೆ ಸಂಘದ ಬಲಗೈಗೆ ಎಡಗೈ ಮಾಡಿದ್ದು ತಿಳಿಯದು ಎನ್ನಿಸದಿರುತ್ತದೆಯೇ?

ನಮ್ಮ ಏರ್ಪಾಡಿನಲ್ಲಿ ಸೋಮವಾರ ಸಂಜೆಯ ಸೂಚನೆಗೆ 24 ಗಂಟೆಯ ಆಯುಸ್ಸು. ಅಷ್ಟರಲ್ಲಿ ತಲುಪದಿದ್ದರೆ ಅದು ತಾನಾಗಿ ಅಳಿದುಹೋಗುತ್ತದೆ. ಮುಂದಿನದನ್ನು ಮೊದಲೇ ಸರತಿಯಲ್ಲಿ ನಿಲ್ಲಿಸಿರುವುದಿಲ್ಲ. ಅದರ ದಿನ ಸಂಜೆ 7ಕ್ಕೆ ಸರಿಯಾಗಿ ಯಂತ್ರ ಆ ಸದಸ್ಯರ ದಾಖಲೆಯನ್ನು ಹೊಸದಾಗಿ ತೆರೆದು "ಕೆಲಸ ಆಗಿದೆಯೇ, ಇವರು ಬೇಡವೆಂದಿದ್ದಾರೆಯೇ, ತಕರಾರು ಇದೆಯೇ" ಎಂದು ನೋಡಿ ಆಮೇಲೆ ಕಳಿಸುತ್ತದೆ. ಬುಧವಾರ 11ಕ್ಕೆ ಗುಮಾಸ್ತರು ಚೀಟಿ ತೋರಿಸಿ ಗುರುತು ಹಾಕಿದ್ದಾರೆ. ಹಾಗಾಗಿ ಅಂದು ಸಂಜೆ ನೋಡಿದಾಗ ಕೆಲಸ ಆಗಿದೆ, ಮೂರನೆಯದು ಹೋಗುವುದೇ ಇಲ್ಲ. ಗುರುವಾರ ಪೇಟೆಯಲ್ಲಿ ಅವರ ಫೋನಿಗೆ ಬಂದದ್ದು ಒಂದೇ: ಹಿಂದಿನ ವಾರದ ಟೆಂಡರಿನ ಹಣ ಖಾತೆಗೆ ಜಮೆಯಾದ ಸುದ್ದಿ. ಅದನ್ನು ಅವರು ತೆರೆದು ಓದುತ್ತಾರೆ.

ಇದನ್ನು ಅಳವಡಿಸುವ ಸಂಘಗಳು ಎರಡು ವಿಷಯ ಗಮನಿಸಬೇಕು. ಒಂದು, ಕೌಂಟರಿನಲ್ಲಿ ಆದ ಕೆಲಸವೂ ಯಂತ್ರಕ್ಕೆ ತಿಳಿಯಬೇಕು. ಗುಮಾಸ್ತರು ಗುರುತು ಹಾಕದಿದ್ದರೆ ಈ ಏರ್ಪಾಡು ಕುಂಟುತ್ತದೆ. ಎರಡು, "ಕಳಿಸಲಾಯಿತು" ಎಂದರೆ "ತಲುಪಿತು" ಎಂದಲ್ಲ. ಗೂಗಲ್ ಸ್ವೀಕರಿಸಿತೆಂದರೆ ಅಂಚೆ ಡಬ್ಬಿಗೆ ಬಿತ್ತೆಂದಷ್ಟೇ ಅರ್ಥ. ತಲುಪಿದ್ದನ್ನು ಆ್ಯಪೇ ತಿರುಗಿ ವರದಿ ಮಾಡುವಂತಿರಬೇಕು. ತಲುಪದೇ ಇರುವುದಕ್ಕೂ, ತಲುಪಿಯೂ ನೋಡದೇ ಇರುವುದಕ್ಕೂ ಬಹಳ ವ್ಯತ್ಯಾಸವಿದೆ.

ಎಲ್ಲಿಗೆ ನಿಲ್ಲಿಸುವುದು

ಕೆಲಸ ಆದಲ್ಲಿಗೆ ನಿಲ್ಲುತ್ತದೆಂದು ಮೇಲೆ ಹೇಳಿದೆವು. ಬೇಡವೆಂದ ಕೂಡಲೇ ನಿಲ್ಲುತ್ತದೆಂಬುದನ್ನು ಹೇಳಬೇಕಾಗಿಯೇ ಇಲ್ಲ. ಸದಸ್ಯರು ಒಂದು ಮಾತು ಮರಳಿ ಬರೆದರೆ, ಅದು ಬೈಗುಳವಾದರೂ, ಅಲ್ಲಿಗೆ ನಿಲ್ಲಬೇಕು. ಮನುಷ್ಯರು ಮಾತಾಡಿದ ಮೇಲೆ ಯಂತ್ರ ತನ್ನ ಪಾಠವನ್ನು ಮುಂದುವರಿಸಬಾರದು.

ಎರಡು ಸೂಚನೆಗಳು ತಲುಪಿಯೂ ಎರಡನ್ನೂ ತೆರೆಯದಿದ್ದರೆ ಅಲ್ಲಿಗೂ ನಿಲ್ಲಿಸುತ್ತೇವೆ, ಏಳನೆಯ ದಿನದ ಮುಗಿಯಿತೆಂಬ ಮಾತೂ ಆ್ಯಪಿನೊಳಗೇ ಕಾಣುತ್ತದೆ, ಗಂಟೆ ಬಾರಿಸುವುದಿಲ್ಲ. ಈ ವಿಷಯದಲ್ಲಿ ಆಡಳಿತ ಮಂಡಳಿಯಲ್ಲಿ ಚರ್ಚೆ ನಡೆಯಿತು. "ಮೂರನೆಯದಕ್ಕೆ ತೆರೆದಾರು" ಎಂಬ ವಾದವಿತ್ತು. ತೆರೆದಾರು, ನಿಜ. ಆದರೆ ಮೂರನೆಯದಕ್ಕೆ ತೆರೆಯುವ ಒಬ್ಬರಿಗಾಗಿ ಮೂರನೆಯದಕ್ಕೆ ಬಾಯಿ ಮುಚ್ಚಿಸುವ ಇಬ್ಬರನ್ನು ಕಳೆದುಕೊಳ್ಳುವ ವ್ಯಾಪಾರ ನಮಗೆ ಬೇಡ. ಆ ಒಬ್ಬರನ್ನು ಸುಗ್ಗಿಯಲ್ಲಿ ಕೌಂಟರಿನಲ್ಲೇ ಹಿಡಿಯಬಹುದು. ಸೂಚನೆ ಮುಚ್ಚಿದವರನ್ನು ಹಿಡಿಯುವುದು ಕಷ್ಟ.

ಕೆಲವರಿಗೆ ಸಾಲನ್ನು ಶುರು ಮಾಡಲೇಬಾರದು. ತೂಕದ ಬಗ್ಗೆಯೋ ತರಗತಿಯ ಬಗ್ಗೆಯೋ ತಕರಾರು ಕೊಟ್ಟು ಉತ್ತರಕ್ಕೆ ಕಾಯುತ್ತಿರುವವರಿಗೆ "ನಿಮ್ಮ ಚೀಟಿ ನೋಡಿ" ಎಂದು ನಗುಮುಖದ ಸಂದೇಶ ಹೋದರೆ ಅದು ಗಾಯಕ್ಕೆ ಉಪ್ಪು. ಹಣ ತಡವಾಗಿರುವವರಿಗೂ ಹಾಗೆಯೇ. ಖಾತೆದಾರರು ತೀರಿಕೊಂಡು ವಾರಸುದಾರರ ಹೆಸರಿಗೆ ವರ್ಗವಾಗಬೇಕಾದ ಖಾತೆಗಳ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ತೀರಿಕೊಂಡವರ ಹೆಸರು ಹಿಡಿದು ಕರೆಯುವ ಸಂದೇಶವನ್ನು ಅವರ ಮನೆಯವರು ಓದುವಂತಾಗಬಾರದು. ಕಚೇರಿಗೆ ಇಂಥ ಸುದ್ದಿ ಬಂದ ದಿನವೇ ಖಾತೆಗೆ ತಡೆ ಗುರುತು ಹಾಕಬೇಕೆಂದು ಶಾಖೆಗಳಿಗೆಲ್ಲ ತಿಳಿಸಿದ್ದೇವೆ.

ಫೋನು ಬದಲಾಯಿಸಿದವರದು ಇನ್ನೊಂದು ಕಥೆ. ಆ್ಯಪು ಹೊಸ ಫೋನಿಗೆ ಬಂದ ಕೂಡಲೇ ಯಂತ್ರಕ್ಕೆ ಅವರು ಹೊಸಬರಂತೆ ಕಾಣುತ್ತಾರೆ. ಮೂವತ್ತು ವರ್ಷದಿಂದ ಸಂಘಕ್ಕೆ ಅಡಿಕೆ ಹಾಕುತ್ತಿರುವವರಿಗೆ, ಮೂರನೆಯ ಸಲ ಸ್ವಾಗತ! ಆದ್ದರಿಂದ ಸಾಲಿನ ಲೆಕ್ಕವನ್ನು ಫೋನಿನ ಮೇಲಿಡದೆ ಸದಸ್ಯತ್ವದ ಸಂಖ್ಯೆಯ ಮೇಲಿಟ್ಟಿದ್ದೇವೆ. ಒಮ್ಮೆ ಮುಗಿದದ್ದು ಮುಗಿಯಿತು. ಹೊಸ ಫೋನಿನಲ್ಲಿ ಸೂಚನೆಯ ಅನುಮತಿಯನ್ನು ಮಾತ್ರ ಮತ್ತೆ ಕೇಳಬೇಕಾಗುತ್ತದೆ.

ಇವು ಯಾವುವೂ ಆಗದಿದ್ದರೂ ಏಳನೆಯ ದಿನಕ್ಕೆ ಸಾಲು ಮುಗಿಯುತ್ತದೆ. ಎಂಟನೆಯ ದಿನಕ್ಕೆ, ಹದಿನೈದನೆಯ ದಿನಕ್ಕೆ, "ನಿಮ್ಮನ್ನು ಕಾಣದೆ ಬಹಳ ದಿನವಾಯಿತು" ಎಂಬಂಥದಕ್ಕೆ ನಮ್ಮಲ್ಲಿ ಜಾಗವಿಲ್ಲ. ಕಾಣದಿದ್ದವರಿಗೆ ತೋಟದಲ್ಲಿ ಕೆಲಸವಿರುತ್ತದೆ.

ಇದೆಲ್ಲದರಿಂದ ನಿಜವಾಗಿ ಪ್ರಯೋಜನವಿದೆಯೇ, ಇಲ್ಲದಿದ್ದರೂ ಜನ ಚೀಟಿ ನೋಡುತ್ತಿದ್ದರೇ ಎಂಬ ಪ್ರಶ್ನೆ ನ್ಯಾಯವಾದದ್ದು. ಗೊಬ್ಬರದ ಪರೀಕ್ಷೆಗೆ ಒಂದು ಸಾಲು ಗಿಡಗಳನ್ನು ಗೊಬ್ಬರ ಹಾಕದೆ ಬಿಡುವಂತೆ, ಸದಸ್ಯತ್ವದ ಸಂಖ್ಯೆ 7ರಿಂದ ಮುಗಿಯುವವರಿಗೆ ಮೊದಲ ಎರಡು ಸಾಲಿನ ಹೊರತು ಏನನ್ನೂ ಕಳಿಸುತ್ತಿಲ್ಲ. ಅವರಲ್ಲಿ ತಿಂಗಳೊಳಗೆ ಚೀಟಿ ನೋಡಿದವರೆಷ್ಟು, ಸೂಚನೆ ಮುಚ್ಚಿದವರೆಷ್ಟು ಎಂಬುದನ್ನು ಉಳಿದವರೊಡನೆ ಹೋಲಿಸಬಹುದು. ಎರಡನೆಯ ಲೆಕ್ಕ ಮೊದಲನೆಯದಕ್ಕಿಂತ ಮುಖ್ಯ. ಸಂದೇಶದಿಂದ ಚೀಟಿ ನೋಡಿದವರು ಹೆಚ್ಚಿ, ಸೂಚನೆ ಮುಚ್ಚಿದವರೂ ಹೆಚ್ಚಿದ್ದರೆ ಅದು ಲಾಭವಲ್ಲ. ಆದರೆ ಸಣ್ಣ ಸಂಘದಲ್ಲಿ ಈ ಹೋಲಿಕೆಗೆ ಮಿತಿಯಿದೆ. ವರ್ಷಕ್ಕೆ ಇನ್ನೂರು ಮಂದಿ ಹೊಸಬರೆಂದರೆ ಬಿಟ್ಟವರು ಇಪ್ಪತ್ತು. ಇಪ್ಪತ್ತರಲ್ಲಿ ಇಬ್ಬರು ಮೂವರ ವ್ಯತ್ಯಾಸದಿಂದ ಏನನ್ನೂ ಹೇಳಲು ಬರುವುದಿಲ್ಲ, ಎರಡು ಮೂರು ಸುಗ್ಗಿ ಕಾಯಬೇಕು. ಅಲ್ಲಿಯವರೆಗೆ ಮೂರನೆಯ ಸಂದೇಶಕ್ಕೆ ಬಂದ ಉತ್ತರಗಳನ್ನು ಒಂದೊಂದಾಗಿ ಓದುವುದರಿಂದಲೇ ನಮಗೆ ಹೆಚ್ಚು ತಿಳಿಯುತ್ತಿದೆ.

ಸದಸ್ಯರಲ್ಲಿ ಒಂದು ಕೋರಿಕೆ. ಆ್ಯಪು ಬೆಂಗಳೂರಿನಲ್ಲಿರುವ ಮಕ್ಕಳ ಫೋನಿಗೆ ಜೋಡಣೆಯಾಗಿದ್ದರೆ ಕೌಂಟರಿನಲ್ಲಿ ತಿಳಿಸಿ. ಹಣದ ಸುದ್ದಿ ಮಕ್ಕಳಿಗೆ ಹೋದರೂ ಟೆಂಡರ್ ದಿನದ ಸುದ್ದಿ ತೋಟದಲ್ಲಿರುವವರ ನಂಬರಿಗೆ ಎಸ್ಸೆಮ್ಮೆಸ್ಸಾಗಿ ಬರುವಂತೆ ಮಾಡಿಕೊಡುತ್ತೇವೆ. ಸೂಚನೆಗಳನ್ನು ಈಗಾಗಲೇ ಮುಚ್ಚಿಕೊಂಡವರು ಮುಂದಿನ ಸಲ ಚೀಟಿ ಪಡೆಯಲು ಬಂದಾಗ ಫೋನು ಜೊತೆಗಿಟ್ಟುಕೊಂಡು ಬನ್ನಿ. ಹಣ ಮತ್ತು ಟೆಂಡರಿನ ವರ್ಗವನ್ನು ಮಾತ್ರ ತೆರೆದು, ಪರಿಚಯದ್ದನ್ನು ಮುಚ್ಚಿಯೇ ಇಟ್ಟು ಕೊಡಲು ಗುಮಾಸ್ತರಿಗೆ ಹೇಳಿದ್ದೇವೆ.